ಕೈದಾಳದ ಒಂದು ಶಿಲ್ಪ, ನಾಲ್ಕು ಪ್ರಶ್ನೆಗಳು: ಕಲಾ ಇತಿಹಾಸದ ಪ್ರಬಂಧಕ್ಕೆ ಯಾವುದನ್ನು ಆರಿಸಿಕೊಳ್ಳಬೇಕು?

ಕಲಾ ಇತಿಹಾಸದಲ್ಲಿ ಸಂಶೋಧನಾ ಪ್ರಬಂಧ ಬರೆಯಲು ಹೊರಟ ತುಮಕೂರು ಕಡೆಯ ವಿದ್ಯಾರ್ಥಿಗಳು ಮೊದಲು ತರುವ ಶೀರ್ಷಿಕೆ ಸಾಮಾನ್ಯವಾಗಿ ಹೀಗಿರುತ್ತದೆ: ‘ತುಮಕೂರು ಜಿಲ್ಲೆಯ ಹೊಯ್ಸಳ ದೇವಾಲಯಗಳು, ಒಂದು ಅಧ್ಯಯನ’. ಇದರಲ್ಲಿ ಜಿಲ್ಲೆಯಿದೆ, ರಾಜವಂಶವಿದೆ, ಕಟ್ಟಡಗಳಿವೆ, ಆದರೆ ಪ್ರಶ್ನೆ ಇಲ್ಲ. ತುರುವೇಕೆರೆ, ನಾಗಲಾಪುರ, ವಿಘ್ನಸಂತೆ, ಅರಳಗುಪ್ಪೆ, ಕೈದಾಳ ಎಂದು ಒಂದೊಂದು ಊರಿಗೆ ಐದಾರು ಪುಟ ವರ್ಣನೆ ಬರೆಯುತ್ತ ಹೋದರೆ ಪ್ರಬಂಧದ ಪುಟಗಳು ತುಂಬುತ್ತವೆ. ಆದರೆ ಆ ಪುಟಗಳಲ್ಲಿ ಹೇಳಿದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಓದುಗರಿಗೆ ಯಾವ ದಾರಿಯೂ ಸಿಗುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಆ ಪಟ್ಟಿಯಿಂದ ಕೈದಾಳವೊಂದನ್ನೇ ತೆಗೆದುಕೊಂಡು, ಅದರ ಬಗ್ಗೆ ಕೇಳಬಹುದಾದ ನಾಲ್ಕು ಪ್ರಶ್ನೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಯಾವುದಕ್ಕೆ ನಂಬಬಹುದಾದ ಮೂಲ ಆಕರ ದೊರೆಯುತ್ತದೆ, ಯಾವುದಕ್ಕೆ ದೊರೆಯುವುದಿಲ್ಲ ಎಂಬುದನ್ನು ತೂಗಿ ನೋಡುತ್ತೇನೆ. ಕೋಲಾರ ಮತ್ತು ಚಿಕ್ಕಬಳ್ಳಾಪುರದವರಿಗಾಗಿ ಆವನಿ ಮತ್ತು ನಂದಿಯನ್ನು ನಡುವೆ ಹೋಲಿಕೆಗೆ ತರುತ್ತೇನೆ.

ಕೈದಾಳವು ತುಮಕೂರು ನಗರಕ್ಕೆ ಹತ್ತಿರದಲ್ಲೇ, ಗಣಪತಿಗೆ ಹೆಸರಾದ ಗೂಳೂರಿನ ಪಕ್ಕದಲ್ಲಿದೆ. ಜಕಣಾಚಾರಿಯ ಊರು ಎಂದು ನಾಡಿಗೆಲ್ಲ ಇದರ ಪರಿಚಯ. ಬೇಲೂರಿನಲ್ಲಿ ಮೂರ್ತಿಯೊಂದರ ಕಲ್ಲಿನಲ್ಲಿ ದೋಷವಿದೆ ಎಂದು ಡಂಕಣ ತೋರಿಸಿದ್ದು, ಕಲ್ಲಿನೊಳಗಿಂದ ಕಪ್ಪೆ ಹೊರಬಂದದ್ದು, ಮಾತಿಗೆ ತಪ್ಪದ ಜಕಣಾಚಾರಿ ತನ್ನ ಬಲಗೈಯನ್ನು ಕತ್ತರಿಸಿಕೊಂಡದ್ದು, ಆ ಹುಡುಗ ತನ್ನ ಮಗನೇ ಎಂದು ತಿಳಿದದ್ದು, ಹುಟ್ಟೂರಾದ ಕ್ರೀಡಾಪುರದಲ್ಲಿ ಚನ್ನಕೇಶವನನ್ನು ನಿಲ್ಲಿಸಿದಾಗ ಕೈ ಮರಳಿ ಬಂದು ಊರಿಗೆ ಕೈದಾಳ ಎಂಬ ಹೆಸರಾದದ್ದು, ಇವೆಲ್ಲವನ್ನೂ ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಇದೇ ಊರಿನಲ್ಲಿ ಒಂದು ಶಾಸನವೂ ಇದೆ. ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, 1150–51ರ ಸುಮಾರಿಗೆ, ಗೂಳಿ ಬಾಚಿ ಎಂಬ ಸಾಮಂತನು ಇಲ್ಲಿ ದೇವಾಲಯಗಳನ್ನು ಮಾಡಿಸಿದನೆಂದು ಅದು ಹೇಳುತ್ತದೆ. ಜಕಣಾಚಾರಿಯ ಹೆಸರನ್ನು ಅದು ಹೇಳುವುದಿಲ್ಲ. ಊರಿನ ನೆನಪು ಒಂದನ್ನು ಹೇಳಿದರೆ ಕಲ್ಲಿನ ಬರಹ ಇನ್ನೊಂದನ್ನು ಹೇಳುತ್ತದೆ. ಸಂಶೋಧನೆಯ ಪ್ರಶ್ನೆ ಹುಟ್ಟುವುದು ಈ ಎರಡರ ನಡುವಿನ ಅಂತರದಲ್ಲಿ.

ಮೊದಲನೆಯ ಪ್ರಶ್ನೆ: ಜಕಣಾಚಾರಿ ನಿಜವಾಗಿ ಇದ್ದನೇ?

ಬಹುತೇಕ ಎಲ್ಲರೂ ಮೊದಲು ಆರಿಸಿಕೊಳ್ಳುವುದು ಇದನ್ನೇ. ಒಬ್ಬನೇ ವ್ಯಕ್ತಿಯ ಬಗ್ಗೆ ಕೇಳುವುದರಿಂದ ಇದು ಕಿರಿದಾದ ಪ್ರಶ್ನೆ ಎನಿಸುತ್ತದೆ. ಆದರೆ ಉತ್ತರಿಸಲು ಏನೇನು ಬೇಕೆಂದು ಬರೆದುಕೊಂಡರೆ ಇದರ ಅಗಲ ಗೊತ್ತಾಗುತ್ತದೆ. ಇದ್ದನು ಎನ್ನಲು ಆ ಹೆಸರಿನ, ಆ ಕಾಲದ ಒಂದು ರುಜುವಾದರೂ ಬೇಕು. ಬೇಲೂರಿನಲ್ಲಿ ಶಿಲ್ಪಿಗಳ ರುಜುಗಳು ಧಾರಾಳವಾಗಿವೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮಲ್ಲಿಯಣ್ಣ, ನಾಗೋಜ ಮೊದಲಾದವರು ತಮ್ಮ ಹೆಸರು ಕೊರೆದಿದ್ದಾರೆ. ಜಕಣಾಚಾರಿಯ ರುಜು ಅವುಗಳಲ್ಲಿ ಇಲ್ಲ. ಇರಲಿಲ್ಲ ಎನ್ನಬೇಕಾದರೆ ಹೊಯ್ಸಳ ಮತ್ತು ಚಾಲುಕ್ಯ ಕಾಲದ ಎಲ್ಲ ರುಜುಗಳನ್ನೂ ನೋಡಬೇಕು. ನೋಡಿದ ಮೇಲೂ, ರುಜು ಹಾಕದೆ ಹೋದ ಶಿಲ್ಪಿಗಳೇ ಹೆಚ್ಚು ಎಂಬ ಮಾತು ಉಳಿದೇ ಉಳಿಯುತ್ತದೆ. ಎಷ್ಟು ಹುಡುಕಿದರೂ ‘ಇಲ್ಲ’ ಎಂಬ ಉತ್ತರವನ್ನು ಯಾವ ಆಕರವೂ ಖಚಿತವಾಗಿ ಕೊಡಲಾರದು ಎಂದಾದರೆ, ಆ ಪ್ರಶ್ನೆ ಒಂದು ಸೆಮಿಸ್ಟರಿನ ಪ್ರಬಂಧಕ್ಕಿರಲಿ, ಪಿಎಚ್.ಡಿ.ಗೂ ಒಗ್ಗುವುದಿಲ್ಲ. ಜಕಣಾಚಾರಿ ಎಂಬುದು ‘ದಕ್ಷಿಣಾಚಾರ್ಯ’ದಂಥ ಪದದಿಂದ ಬಂದಿರಬಹುದು, ಒಬ್ಬನ ಹೆಸರಾಗಿರದೆ ಒಂದು ಪರಂಪರೆಯ ಹೆಸರಾಗಿರಬಹುದು ಎಂಬ ಊಹೆಯೂ ಇದೇ ಗುಂಪಿಗೆ ಸೇರುತ್ತದೆ. ಅದು ಆಕರ್ಷಕ ಊಹೆ. ಆದರೆ ಅದನ್ನು ಪರೀಕ್ಷಿಸುವ ಕೆಲಸ ಭಾಷಾಶಾಸ್ತ್ರಕ್ಕೆ ಸೇರಿದ್ದು, ಕೈದಾಳದ ಕಲ್ಲುಗಳಿಂದ ಅದು ಆಗುವುದಿಲ್ಲ.

ಎರಡನೆಯ ಪ್ರಶ್ನೆ: ಬಾಚಿ ಮಾಡಿಸಿದ್ದರಲ್ಲಿ ಇಂದು ಉಳಿದಿರುವುದು ಯಾವುದು?

ಶಾಸನದ ಪ್ರಕಾರ ಬಾಚಿ ಮಾಡಿಸಿದ್ದು ಒಂದೇ ದೇವಾಲಯವಲ್ಲ. ಗಂಗೇಶ್ವರ, ನಾರಾಯಣ ಮೊದಲಾದ ದೇವರ ಗುಡಿಗಳ ಜೊತೆಗೆ ಒಂದು ಜಿನಾಲಯದ ಮಾತೂ ಅದರಲ್ಲಿ ಬರುತ್ತದೆ. ಇಂದು ಊರಿನಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಚನ್ನಕೇಶವ ಮತ್ತು ಗಂಗಾಧರೇಶ್ವರ ಗುಡಿಗಳು. ಹಾಗಾದರೆ ಶಾಸನದ ನಾರಾಯಣನೇ ಇಂದಿನ ಚನ್ನಕೇಶವನೇ? ಗಂಗೇಶ್ವರನೇ ಗಂಗಾಧರೇಶ್ವರನೇ? ಇಂದು ನಿಂತಿರುವ ಗೋಡೆ, ಕಂಬ, ದ್ವಾರಗಳಲ್ಲಿ 1150ರ ಕಾಲದ್ದು ಯಾವುದು, ಮುಂದಿನ ಶತಮಾನಗಳಲ್ಲಿ ಸೇರಿದ್ದು ಯಾವುದು?

ಈ ಪ್ರಶ್ನೆಗೆ ಎರಡೂ ಕಡೆ ಗಟ್ಟಿಯಾದ ಆಕರವಿದೆ. ಒಂದು ಕಡೆ ಕಾಲ ತಿಳಿದಿರುವ ಬರಹ, ಇನ್ನೊಂದು ಕಡೆ ಅಳೆಯಬಹುದಾದ ಕಟ್ಟಡ. ಉತ್ತರ ‘ಹೌದು’ ಎಂದಾಗಬಹುದು, ‘ಇಲ್ಲ’ ಎಂದಾಗಬಹುದು, ‘ಗುಡಿಯ ಬುಡದ ಪೀಠವಾದ ಅಧಿಷ್ಠಾನ ಮಾತ್ರ ಹಳೆಯದು’ ಎಂದೂ ಆಗಬಹುದು. ಯಾವ ಉತ್ತರ ಬಂದರೂ ಅದನ್ನು ಇನ್ನೊಬ್ಬರು ಹೋಗಿ ನೋಡಿ ಪರಿಶೀಲಿಸಬಹುದು. ಇದಕ್ಕೆ ಬೇಕಾದದ್ದು ಕಟ್ಟಡದ ನಕ್ಷೆ ತೆಗೆಯುವ ಕೌಶಲ ಮತ್ತು ಅಧಿಷ್ಠಾನದ ಪಟ್ಟಿಕೆಗಳನ್ನು, ಕಂಬದ ತಲೆಯ ಮೇಲಿನ ಬೋದಿಗೆಗಳನ್ನು ಕಾಲಕ್ಕೆ ತಕ್ಕಂತೆ ಗುರುತಿಸುವ ಕಣ್ಣು. ಆ ತರಬೇತಿ ಇರುವವರಿಗೆ ಇದನ್ನೇ ಶಿಫಾರಸು ಮಾಡುತ್ತೇನೆ.

ಇದೇ ಬಗೆಯ ಪ್ರಶ್ನೆಯನ್ನು ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಕೇಳಿದರೆ ಅದು ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಕೋಲಾರದ ವಿದ್ಯಾರ್ಥಿಗಳು ಗಮನಿಸಬೇಕು. ಅಲ್ಲಿ 961ರಲ್ಲಿ ತೀರಿಕೊಂಡ ತ್ರಿಭುವನಕರ್ತಾರ ಎಂಬ ಯತಿಯು ನಲವತ್ತು ವರ್ಷ ಆ ಸ್ಥಾನವನ್ನು ಆಳಿ ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಶಾಸನವಿದೆ. ನೊಳಂಬ ಮನೆತನದ ರಾಣಿ ದೀವಬ್ಬರಸಿಯು ದೇವಾಲಯ ಮಾಡಿಸಿದ ಮಾತು ಬೇರೆಯೇ ಇದೆ. ಇಂದು ಆ ಗುಡಿಗಳನ್ನು ಜನ ಗುರುತಿಸುವುದು ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನಿಂದ. ಐವತ್ತು ಎಂಬುದು ನಿಜವಾದ ಎಣಿಕೆಯೋ ಹೊಗಳಿಕೆಯ ಸಂಖ್ಯೆಯೋ ಎಂಬುದರಿಂದ ಹಿಡಿದು, ಶಾಸನದ ಯಾವ ಗುಡಿ ಇಂದಿನ ಯಾವ ಗುಡಿ ಎಂಬುದರವರೆಗೆ ಎಲ್ಲವನ್ನೂ ಬಿಡಿಸಬೇಕಾಗುತ್ತದೆ. ಅದು ಪಿಎಚ್.ಡಿ.ಯ ಕೆಲಸ. ಸ್ನಾತಕೋತ್ತರ ಪ್ರಬಂಧಕ್ಕೆ ಆವನಿಯೇ ಬೇಕು ಎನ್ನುವವರು ದೀವಬ್ಬರಸಿಯ ಒಂದು ಗುಡಿಗೆ ಸೀಮಿತವಾಗುವುದು ಒಳ್ಳೆಯದು.

ನಂದಿಯ ಭೋಗನಂದೀಶ್ವರದ ತೊಡಕು ಬೇರೆ. ಅಲ್ಲಿನ ಶಿವಾಲಯವನ್ನು ಕುರಿತ ಅತ್ಯಂತ ಹಳೆಯ ಬರಹವೆಂದು ಹೇಳಲಾಗುವ, ನೊಳಂಬರ ಕಾಲದ, ಸುಮಾರು 806ರ ಚಿಕ್ಕಬಳ್ಳಾಪುರದ ದಾಖಲೆ ತಾಮ್ರಪಟದಲ್ಲಿದೆ. ಗೋಡೆಯ ಶಾಸನವು ತಾನಿರುವ ಗೋಡೆಯ ಬಗ್ಗೆ ಏನಾದರೂ ಹೇಳುತ್ತದೆ, ಕನಿಷ್ಠ ಆ ಗೋಡೆ ಆ ದಿನಕ್ಕೆ ಇತ್ತು ಎಂದಾದರೂ ಹೇಳುತ್ತದೆ. ಬೇರೆಡೆಗೆ ಒಯ್ಯಬಹುದಾದ ತಾಮ್ರಪಟ ಹಾಗಲ್ಲ. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಎರಡು ಗರ್ಭಗುಡಿಗಳಲ್ಲಿ ಅದು ಯಾವುದನ್ನು ಕುರಿತದ್ದು ಎಂಬುದನ್ನು ಶೈಲಿಯಿಂದಲೇ ನಿರ್ಧರಿಸಬೇಕಾಗುತ್ತದೆ, ಮತ್ತು ಆ ಚರ್ಚೆಯಲ್ಲಿ ಈಗಾಗಲೇ ದೊಡ್ಡ ವಿದ್ವಾಂಸರಿದ್ದಾರೆ. ಮೊದಲ ಪ್ರಬಂಧ ಬರೆಯುವವರು ನಂದಿಯನ್ನು ಆರಿಸಿದರೆ ಕಾಲನಿರ್ಣಯಕ್ಕೆ ಕೈಹಾಕದೆ, ಎರಡು ಗುಡಿಗಳ ನಡುವೆ ನಂತರ ಸೇರಿದ ಕಲ್ಯಾಣಮಂಟಪದ ನಾಲ್ಕು ಕಂಬಗಳಂಥ ಒಂದೇ ಭಾಗವನ್ನು ಹಿಡಿಯುವುದು ಮೇಲು.

ಮೂರನೆಯ ಪ್ರಶ್ನೆ: ಕೈಮುಗಿದು ನಿಂತವನು ಯಾರು?

ಕೈದಾಳದ ಚನ್ನಕೇಶವನ ಗುಡಿಯಲ್ಲಿ ಕಂಬದ ಮೇಲೆ ಕೈಮುಗಿದು ನಿಂತ ಒಂದು ವ್ಯಕ್ತಿಶಿಲ್ಪವಿದೆ. ಊರಿನವರು ಅದನ್ನು ಜಕಣಾಚಾರಿ ಎಂದು ತೋರಿಸುತ್ತಾರೆ. ಗುಡಿ ಮಾಡಿಸಿದ ಬಾಚಿಯೇ ಅದು ಎಂಬುದು ಶಾಸನವನ್ನು ಓದಿದವರಿಗೆ ಹೊಳೆಯುವ ಇನ್ನೊಂದು ಸಾಧ್ಯತೆ. ಒಂದೇ ಕಂಬ, ಒಂದೇ ಶಿಲ್ಪ, ಎರಡು ಗುರುತು. ಸ್ನಾತಕೋತ್ತರ ಪ್ರಬಂಧಕ್ಕೆ ನಾನು ಈ ನಾಲ್ಕರಲ್ಲಿ ಮೊದಲ ಸ್ಥಾನ ಕೊಡುವುದು ಇದಕ್ಕೆ.

ಇದನ್ನು ಹೇಗೆ ಬಿಡಿಸಬೇಕು ಎಂದು ಹಂತ ಹಂತವಾಗಿ ನೋಡೋಣ. ಮೊದಲು ಕಂಬವೇ ಸಾಕ್ಷಿ ಹೇಳಲು ಅರ್ಹವೇ ಎಂದು ಪರೀಕ್ಷಿಸಬೇಕು. ಅದು ಸುತ್ತಲಿನ ಕಂಬಗಳ ಅಳತೆ, ಕಲ್ಲು, ಕೆತ್ತನೆಗೆ ಹೊಂದುತ್ತದೆಯೇ, ಅಥವಾ ಬೇರೆಲ್ಲಿಂದಲೋ ತಂದು ನಿಲ್ಲಿಸಿದ್ದೇ ಎಂಬುದನ್ನು ಅದರ ಬುಡ, ಬೋದಿಗೆ, ಎತ್ತರಗಳನ್ನು ಅಳೆದು ತಿಳಿಯಬಹುದು. ಬೋದಿಗೆಗೂ ಕಂಬಕ್ಕೂ ನಡುವೆ ಚಪ್ಪಡಿ ಚೂರುಗಳನ್ನು ತುರುಕಿದ್ದರೆ, ಅಥವಾ ಅದೊಂದರ ಎತ್ತರವೇ ಬೇರೆಯಾಗಿದ್ದರೆ, ಮರುಬಳಕೆಯ ಅನುಮಾನ ಬರಬೇಕು. ಆ ಅನುಮಾನ ನಿಜವಾದರೆ ಶಾಸನದ ಬಾಚಿಯನ್ನೂ ಈ ಶಿಲ್ಪವನ್ನೂ ಜೋಡಿಸುವ ಮುಖ್ಯ ಕೊಂಡಿಯೇ ಕಳಚುತ್ತದೆ.

ಎರಡನೆಯದು ಶಿಲ್ಪದ ವಿವರ. ಕೈಮುಗಿದಿರುವುದರಿಂದ ಅವನು ಭಕ್ತ ಎಂದಷ್ಟೇ ತಿಳಿಯುತ್ತದೆ. ಶಿಲ್ಪಿಯೂ ಭಕ್ತನಾಗಬಹುದು, ಒಡೆಯನೂ ಆಗಬಹುದು. ಆದ್ದರಿಂದ ಉಡುಪು, ಮೇಲುಹೊದಿಕೆ, ತುರುಬು, ಕಿವಿಯ ಆಭರಣ, ಸೊಂಟದಲ್ಲಿ ಕತ್ತಿ ಅಥವಾ ಬಾಕು ಇದೆಯೇ, ಉಳಿ, ಸುತ್ತಿಗೆ, ಅಳತೆಗೋಲಿನಂಥ ಕಸುಬಿನ ಗುರುತು ಇದೆಯೇ ಎಂಬುದನ್ನು ಒಂದೊಂದಾಗಿ ದಾಖಲಿಸಬೇಕು. ವಿವರಿಸುವಾಗ ‘ಜಕಣಾಚಾರಿಯ ಉತ್ತರೀಯ’ ಎಂದು ಬರೆದರೆ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟಂತಾಗುತ್ತದೆ. ‘ಎಡ ಭುಜದ ಮೇಲಿನ ಬಟ್ಟೆ’ ಎಂದು ಬರೆದರೆ ಸಾಕು.

ಮೂರನೆಯದು ಹೋಲಿಕೆ. ಇದಕ್ಕೆ ನಾಡಿನ ಎಲ್ಲ ಭಕ್ತಶಿಲ್ಪಗಳೂ ಬೇಡ. ಕೆಳಗೆ ಹೆಸರು ಬರೆದಿರುವ, ಆದ್ದರಿಂದ ಗುರುತು ಖಚಿತವಾಗಿರುವ, ಹನ್ನೆರಡು ಮತ್ತು ಹದಿಮೂರನೆಯ ಶತಮಾನದ ಕೆಲವು ಶಿಲ್ಪಗಳನ್ನು ಆರಿಸಬೇಕು. ಹತ್ತು ಹನ್ನೆರಡು ದೊರೆತರೂ ಸಾಕು. ಹೆಸರಿಲ್ಲದ ಶಿಲ್ಪಗಳನ್ನು ಹೋಲಿಕೆಗೆ ತಂದರೆ ಒಂದು ಊಹೆಗೆ ಇನ್ನೊಂದು ಊಹೆ ಆಧಾರವಾಗುತ್ತದೆ. ವೀರಗಲ್ಲುಗಳಲ್ಲಿ ಹೆಸರು ಸಿಗುತ್ತದೆ, ಆದರೆ ಅಲ್ಲಿನ ವೇಷ ಯುದ್ಧದ್ದು, ಪೂಜೆಯದಲ್ಲ. ಆದ್ದರಿಂದ ಅವನ್ನು ಬಳಸುವಾಗ ಆ ವ್ಯತ್ಯಾಸವನ್ನು ಬರೆದು ಬಳಸಬೇಕು.

ಹೀಗೆ ಮಾಡಿದ ಮೇಲೆ ಉತ್ತರ ‘ಇದು ಬಾಚಿ’ ಎಂದು ಬರದೆ ‘ಇದು ಶಿಲ್ಪಿಗಿಂತ ಒಡೆಯನ ವೇಷಕ್ಕೆ ಹತ್ತಿರ’ ಎಂದಷ್ಟೇ ಬರಬಹುದು. ಅದಕ್ಕೆ ಬೇಸರಿಸಬೇಕಾಗಿಲ್ಲ. ಯಾವ ಆಧಾರದಿಂದ ಎಷ್ಟು ದೂರ ಹೋಗಬಹುದು ಎಂಬುದನ್ನು ತೋರಿಸಿದ್ದರೆ ಪ್ರಬಂಧ ತನ್ನ ಕೆಲಸ ಮಾಡಿದೆ.

ನಾಲ್ಕನೆಯ ಪ್ರಶ್ನೆ: ಕಥೆ ಬರಹಕ್ಕೆ ಯಾವಾಗ ಬಂತು?

ಇದು ಕಲ್ಲಿನ ಪ್ರಶ್ನೆಯಲ್ಲ, ಕಾಗದದ ಪ್ರಶ್ನೆ. ಜಕಣಾಚಾರಿಯ ಕಥೆಯು ಕೈದಾಳದೊಂದಿಗೆ ಸೇರಿಕೊಂಡು ಬರಹದಲ್ಲಿ ಯಾವಾಗ ಕಾಣಿಸುತ್ತದೆ, ಪ್ರತಿ ಸಲ ಏನು ಬದಲಾಗುತ್ತದೆ ಎಂದು ಕೇಳಬಹುದು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನ 1897ರ ಪರಿಷ್ಕೃತ ಆವೃತ್ತಿಯಲ್ಲಿ ಕೈದಾಳದ ಹೆಸರಿನಡಿ ಈ ಕಥೆಯಿದೆ. ತುಮಕೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಅದೇ ರೈಸ್ 1904ರಲ್ಲಿ ಪ್ರಕಟಿಸಿದರು. ಒಬ್ಬರೇ ವ್ಯಕ್ತಿ ಮೊದಲು ಕಥೆಯನ್ನೂ ಆಮೇಲೆ ಶಾಸನವನ್ನೂ ಅಚ್ಚಿಗೆ ಕೊಟ್ಟಿರುವುದರಿಂದ, ಆ ಎರಡು ಬರಹಗಳನ್ನು ಸಾಲು ಸಾಲಾಗಿ ಹೋಲಿಸುವುದೇ ಒಂದು ಅಧ್ಯಾಯವಾಗುತ್ತದೆ. ಮುಂದೆ ಪಠ್ಯಪುಸ್ತಕ, ನಾಟಕ, ಸಿನಿಮಾ, ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಜಕಣಾಚಾರಿ ಪ್ರಶಸ್ತಿಯವರೆಗೆ ಈ ದಾರಿ ಸಾಗುತ್ತದೆ. ಕಟ್ಟಡ ಅಳೆಯುವ ತರಬೇತಿ ಇಲ್ಲದವರಿಗೆ, ಹಳೆಯ ಮುದ್ರಣಗಳನ್ನು ತಾಳ್ಮೆಯಿಂದ ಓದಬಲ್ಲವರಿಗೆ ಇದು ಹೊಂದುತ್ತದೆ. ಕಥೆಯ ವಯಸ್ಸು ಎಷ್ಟು ಎಂದು ಮಾತ್ರ ಇದರಿಂದ ಹೇಳಲಾಗುವುದಿಲ್ಲ. ಬರಹಕ್ಕೆ ಬರುವ ಮೊದಲು ಎಷ್ಟು ತಲೆಮಾರು ಅದು ಬಾಯಲ್ಲಿತ್ತು ಎಂಬುದಕ್ಕೆ ಕಾಗದದಲ್ಲಿ ಸಾಕ್ಷಿ ಸಿಗದು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. 1150ರಲ್ಲಿ ಗುಡಿ ಯಾರು ಮಾಡಿಸಿದರು ಎಂಬ ಪ್ರಶ್ನೆಗೆ ಗೆಜೆಟಿಯರ್ ಮೂಲ ಆಕರವಲ್ಲ, ಏಳು ಶತಮಾನಗಳ ನಂತರದ ಕೇಳಿಕೆಯ ಮಾತು. ಆದರೆ 1897ರಲ್ಲಿ ಜನ ಏನು ಹೇಳುತ್ತಿದ್ದರು ಎಂಬ ಪ್ರಶ್ನೆಗೆ ಅದೇ ಮೂಲ ಆಕರ. ಪ್ರಶ್ನೆ ಬದಲಾದರೆ ಅದೇ ಪುಸ್ತಕದ ಸ್ಥಾನವೂ ಬದಲಾಗುತ್ತದೆ. ಆದ್ದರಿಂದ ‘ನಂಬಬಹುದಾದ ಆಕರ ಯಾವುದು’ ಎಂದು ಕೇಳುವ ಮೊದಲು ‘ಯಾವ ಪ್ರಶ್ನೆಗೆ’ ಎಂದು ಕೇಳಿಕೊಳ್ಳಬೇಕು.

ಶಾಸನದ ನಾಲ್ಕು ರೂಪಗಳಲ್ಲಿ ಯಾವುದನ್ನು ಹಿಡಿಯಬೇಕು?

ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಶಾಸನವೇ ಆಧಾರ. ಅದು ವಿದ್ಯಾರ್ಥಿಯ ಕೈಗೆ ನಾಲ್ಕು ರೂಪದಲ್ಲಿ ಬರುತ್ತದೆ: ಊರಿನಲ್ಲಿರುವ ಕಲ್ಲು, ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪಡಿಯಚ್ಚು, ರೈಸ್ ಅವರ ಶಾಸನ ಸಂಪುಟಗಳ ಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕದ ಅಚ್ಚಾದ ಪಾಠ, ಮತ್ತು ಆ ಪಾಠವನ್ನು ಆಧರಿಸಿ ಬೇರೆಯವರು ಬರೆದ ಸಾರಾಂಶ. ಗುಡಿಯ ಮುಂದಿನ ಫಲಕ, ಸ್ಮರಣ ಸಂಚಿಕೆ, ಪ್ರವಾಸಿ ಪುಸ್ತಕಗಳೆಲ್ಲ ಕೊನೆಯ ಗುಂಪಿಗೆ ಸೇರುತ್ತವೆ. ನನ್ನ ಮೊದಲ ಪ್ರಬಂಧದಲ್ಲಿ ಬೇರೊಂದು ಊರಿನ ಗುಡಿಯ ಕಾಲವನ್ನು ಇಂಥ ಒಂದು ಸಾರಾಂಶದಿಂದ ಎತ್ತಿ ಬರೆದಿದ್ದೆ. ಮೂಲ ಪಾಠವನ್ನು ತೆರೆದು ನೋಡಿದಾಗ ಅದು ಗುಡಿ ಕಟ್ಟಿದ ಕಾಲವಾಗಿರದೆ, ನಂದಾದೀಪಕ್ಕೆ ದತ್ತಿ ಕೊಟ್ಟ ಕಾಲವಾಗಿತ್ತು. ಒಂದು ಇಡೀ ಅಧ್ಯಾಯವನ್ನು ಮತ್ತೆ ಬರೆಯಬೇಕಾಯಿತು. ಅಂದಿನಿಂದ ಶಾಸನದ ಕ್ರಿಯಾಪದವನ್ನು ನೋಡದೆ ಕಾಲವನ್ನು ಬರೆದುಕೊಳ್ಳುವುದಿಲ್ಲ.

ಈ ಕ್ರಿಯಾಪದದ ವಿಷಯದಲ್ಲಿ ಕನ್ನಡ ಬಲ್ಲವರಿಗೆ ಇಂಗ್ಲಿಷ್ ಅನುವಾದವನ್ನಷ್ಟೇ ಓದುವವರಿಗಿಂತ ಹೆಚ್ಚಿನ ಅನುಕೂಲವಿದೆ. ‘ಮಾಡಿದ’ ಎಂದರೆ ಕೈಯಿಂದ ಮಾಡಿದವನು, ‘ಮಾಡಿಸಿದ’ ಎಂದರೆ ಖರ್ಚು ಕೊಟ್ಟು ಮಾಡಿಸಿದವನು. ಅನುವಾದದಲ್ಲಿ ಎರಡೂ ‘ಕಟ್ಟಿದನು’ ಎಂಬ ಒಂದೇ ಅರ್ಥಕ್ಕೆ ಇಳಿದುಬಿಡಬಹುದು. ‘ರೂವಾರಿ’ ಎಂದಿದ್ದರೆ ಶಿಲ್ಪಿ. ‘ಕಂಡರಿಸಿದ’ ಎಂದು ಶಾಸನದ ಕೊನೆಯಲ್ಲಿ ಬರುವವನು ಆ ಅಕ್ಷರಗಳನ್ನು ಕೊರೆದವನು. ಅವನನ್ನೇ ಗುಡಿಯ ಶಿಲ್ಪಿ ಎಂದು ಭಾವಿಸಲಾಗದು. ‘ಜೀರ್ಣೋದ್ಧಾರ’ ಎಂದಿದ್ದರೆ ಗುಡಿ ಅದಕ್ಕಿಂತ ಹಳೆಯದು. ದತ್ತಿಯ ಮಾತು ಮಾತ್ರ ಇದ್ದರೆ ಗುಡಿ ಆ ದಿನಕ್ಕೆ ಇತ್ತು ಎಂದಷ್ಟೇ ತಿಳಿಯಬೇಕು.

ಅಚ್ಚಾದ ಪಾಠದಿಂದ ಆರಂಭಿಸುವುದು ಸುಲಭ. ರೈಸ್ ಅವರ ಸಂಪುಟಗಳು ಇಂಟರ್ನೆಟ್ ಆರ್ಕೈವಿನಲ್ಲಿ ಓದಲು ಸಿಗುತ್ತವೆ. ತುಮಕೂರು ಜಿಲ್ಲೆ 12ನೆಯ ಸಂಪುಟ, ಕೋಲಾರ ಜಿಲ್ಲೆ 1905ರ 10ನೆಯ ಸಂಪುಟ. ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ನಂದಿಯ ಶಾಸನಗಳನ್ನು ಕೋಲಾರದ ಸಂಪುಟದಲ್ಲೇ ಹುಡುಕಬೇಕು. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ, ಮತ್ತು ಅದು ಅಂದಿನ ತಾಲ್ಲೂಕು ಗಡಿ. ಸಂಪುಟದಲ್ಲಿ ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರೂ ಬೇರೆ ಬೇರೆ ಭಾಗಗಳಲ್ಲಿವೆ. ಮೂರನ್ನೂ ಒಂದರ ಪಕ್ಕ ಒಂದಿಟ್ಟು ಓದಬೇಕು. ಅನುವಾದವು ಕೆಲವು ಕಡೆ ಸಂಕ್ಷೇಪವಾಗಿದ್ದು, ರಾಜ, ಸಾಮಂತರನ್ನು ಹೊಗಳುವ ಪ್ರಶಸ್ತಿಯ ಸಾಲುಗಳನ್ನು ಬಿಟ್ಟಿರುತ್ತದೆ. ಸಾಮಂತನ ಬಿರುದುಗಳು ಬರುವುದು ಅಂಥ ಸಾಲುಗಳಲ್ಲೇ, ಮತ್ತು ಶಿಲ್ಪದ ವೇಷವನ್ನು ಅರ್ಥಮಾಡಿಕೊಳ್ಳಲು ನೆರವಾಗುವುದೂ ಅವೇ. ಊರಿನ ಹೆಸರು ಶಾಸನದಲ್ಲಿ ಯಾವ ರೂಪದಲ್ಲಿದೆ ಎಂಬುದನ್ನೂ ಕನ್ನಡ ಪಾಠದಿಂದಲೇ ಅಕ್ಷರಶಃ ಬರೆದುಕೊಳ್ಳಬೇಕು, ಏಕೆಂದರೆ ಕೈ ಮರಳಿದ ಕಥೆ ನಿಂತಿರುವುದು ಆ ಹೆಸರಿನ ಮೇಲೆ.

ಕಾಲವನ್ನು ಸ್ವತಃ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ವರ್ಷ ಯುಗಾದಿಗೆ ಆರಂಭವಾಗುವುದರಿಂದ ಜನವರಿಯಿಂದ ಮುಂದಿನ ಯುಗಾದಿಯವರೆಗಿನ ತಿಂಗಳುಗಳಿಗೆ 79 ಕೂಡಿಸಬೇಕು. 1150–51 ಎಂದು ಎರಡು ವರ್ಷ ಸೇರಿಸಿ ಬರೆಯುವುದು ಇದೇ ಕಾರಣಕ್ಕೆ. ಜೊತೆಗೆ ಸಂವತ್ಸರದ ಹೆಸರನ್ನು ಹೊಂದಿಸಬೇಕು: ಶಕ 1072 ಎಂದರೆ 1150–51, ಅದು ಪ್ರಮೋದೂತ ಸಂವತ್ಸರ. ಶಕ 1073 ಎಂದರೆ ಪ್ರಜೋತ್ಪತ್ತಿ. ಅಂಕಿಗೂ ಸಂವತ್ಸರಕ್ಕೂ ಒಂದು ವರ್ಷದ ವ್ಯತ್ಯಾಸ ಬಂದರೆ, ಕಳೆದ ವರ್ಷಗಳನ್ನು ಎಣಿಸಿದ್ದಾರೋ ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾರೋ ಎಂಬ ಭೇದ ಅದಕ್ಕೆ ಕಾರಣವಾಗಿರುತ್ತದೆ. ಐದಾರು ವರ್ಷಗಳ ವ್ಯತ್ಯಾಸ ಬಂದರೆ ಒಂದು ಅಂಕಿಯನ್ನು ತಪ್ಪಾಗಿ ಓದಿರುವ ಸಂಭವವಿದೆ, ಆಗ ಕಲ್ಲಿನ ಬಳಿಗೇ ಹೋಗಬೇಕು.

ಕಲ್ಲಿನ ಬಳಿ ಹೋದಾಗ ಅಕ್ಷರಗಳಿಗೆ ಸೀಮೆಸುಣ್ಣ, ರಂಗೋಲಿ ಪುಡಿ, ಎಣ್ಣೆ ಯಾವುದನ್ನೂ ಹಚ್ಚಬಾರದು. ಅದು ಕಲ್ಲಿಗೆ ಹಾನಿ. ಅದಕ್ಕಿಂತಲೂ ಮುಖ್ಯವಾಗಿ, ನೀವು ಓದಬೇಕೆಂದಿರುವ ಅಕ್ಷರವನ್ನೇ ನಿಮ್ಮ ಕೈ ಬಿಡಿಸಿಬಿಡುತ್ತದೆ. ಸಂಜೆ ಕತ್ತಲಾಗುವ ಹೊತ್ತಿಗೆ ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಪಕ್ಕದಿಂದ ಹಿಡಿದು, ಬೆಳಕನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಬೀಳಿಸಿ ಅದೇ ಸಾಲಿನ ಮೂರು ಫೋಟೋ ತೆಗೆದರೆ, ಉಳಿಯ ಗೆರೆ ಯಾವುದು, ಕಲ್ಲಿನ ಸೀಳು ಯಾವುದು ಎಂದು ಗೊತ್ತಾಗುತ್ತದೆ. ಪಡಿಯಚ್ಚು ತೆಗೆಯಲು ಸಂಬಂಧಪಟ್ಟ ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗ ಮೈಸೂರಿನಲ್ಲಿದೆ. ಹಳೆಯ ಪಡಿಯಚ್ಚು ಅಲ್ಲಿದ್ದರೆ ಅದನ್ನು ನೋಡಲು ಮಾರ್ಗದರ್ಶಕರ ಪತ್ರದೊಂದಿಗೆ ಮೊದಲೇ ಬರೆದು ಕೇಳುವುದು ಒಳ್ಳೆಯದು. ಹಳೆಯ ಪಡಿಯಚ್ಚಿನ ವಿಶೇಷ ಬೆಲೆ ಏನೆಂದರೆ, ಆಮೇಲೆ ಸವೆದುಹೋದ ಅಥವಾ ಸುಣ್ಣ, ಬಣ್ಣದ ಕೆಳಗೆ ಹುದುಗಿದ ಅಕ್ಷರಗಳು ಅದರಲ್ಲಿ ಉಳಿದಿರುತ್ತವೆ. ಈ ಒಂದು ಕಾರಣಕ್ಕೆ ಕೆಲವೊಮ್ಮೆ ಕಲ್ಲಿಗಿಂತ ಕಾಗದ ಹೆಚ್ಚು ನಂಬಿಕೆಗೆ ಅರ್ಹ.

ಕಂಬದ ಶಿಲ್ಪಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ, ಅದರಲ್ಲೂ 1906ರಿಂದ 1922ರವರೆಗೆ ಆರ್. ನರಸಿಂಹಾಚಾರ್ಯರು ಮುಖ್ಯಸ್ಥರಾಗಿದ್ದ ಕಾಲದವುಗಳಲ್ಲಿ, ದೇವಾಲಯಗಳ ವಿವರಣೆಯೂ ಛಾಯಾಚಿತ್ರಗಳೂ ಇವೆ. ಗುಡಿಯ ದುರಸ್ತಿಗೆ ಸರ್ಕಾರ ಹಣ ಕೊಟ್ಟಿದ್ದರೆ ಮುಜರಾಯಿ ಕಡತಗಳಲ್ಲಿ ಅದರ ಸುಳಿವು ಸಿಗಬಹುದು, ಅವನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು. ಇಂದಿನ ನಿಮ್ಮ ಫೋಟೋ ಮತ್ತು ಹಳೆಯ ಫೋಟೋ ಎರಡನ್ನೂ ಒಂದೇ ಕೋನಕ್ಕೆ ಹೊಂದಿಸಿ ನೋಡಿದರೆ ಯಾವ ಕಂಬ ಜರುಗಿದೆ, ಯಾವ ಗೋಡೆ ಹೊಸದು ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಊರಿನ ಹಿರಿಯರ ಮಾತನ್ನು ದಾಖಲಿಸುವಾಗ ‘ಇದು ಜಕಣಾಚಾರಿ ತಾನೇ?’ ಎಂದು ಕೇಳಬಾರದು, ‘ಇದು ಯಾರು?’ ಎಂದು ಕೇಳಬೇಕು. ಹೇಳಿದವರಿಗೆ ಅದು ಯಾರಿಂದ ಗೊತ್ತಾಯಿತು, ಫಲಕ ಓದಿಯೋ, ಸಿನಿಮಾ ನೋಡಿಯೋ, ಅಜ್ಜಿ ಹೇಳಿಯೋ ಎಂಬುದನ್ನೂ ಬರೆದುಕೊಂಡರೆ, ಮೂರನೆಯ ಪ್ರಶ್ನೆಗೆ ಬಾರದ ಉತ್ತರವೂ ನಾಲ್ಕನೆಯ ಪ್ರಶ್ನೆಗೆ ಆಕರವಾಗುತ್ತದೆ.

ಇಷ್ಟು ನೋಡಿದ ಮೇಲೆ ಆಯ್ಕೆ ಹೀಗೆ ಬೀಳುತ್ತದೆ. ಕಟ್ಟಡ ಓದಬಲ್ಲವರಿಗೆ ಎರಡನೆಯದು, ಮುದ್ರಿತ ಬರಹ ಓದಬಲ್ಲವರಿಗೆ ನಾಲ್ಕನೆಯದು, ಎರಡನ್ನೂ ಅಷ್ಟಿಷ್ಟು ಬಲ್ಲ, ಒಂದೇ ಸೆಮಿಸ್ಟರಿನ ಅವಧಿ ಇರುವವರಿಗೆ ಮೂರನೆಯದು. ಶಿಲ್ಪಿಯ ಹೆಸರಿನ ಹಿಂದೆಯೇ ಹೋಗಬೇಕು ಎನ್ನುವವರು ಜಕಣಾಚಾರಿಯನ್ನು ಬಿಟ್ಟು ರುಜು ಇರುವವರ ಬಳಿಗೆ ಹೋಗಲಿ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚನ್ನಕೇಶವ ಗುಡಿಯಲ್ಲಿ ಹೊನ್ನೋಜನ ಹೆಸರು ಕಲ್ಲಿನಲ್ಲೇ ಇದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ 1246ರ ಗುಡಿಯಲ್ಲಿ ಮಲ್ಲಿತಮ್ಮನ ಜೊತೆಗೆ ಬೈಚೋಜನೂ ರುಜು ಹಾಕಿದ್ದಾನೆ. ಈ ಬೈಚೋಜನನ್ನು ‘ನಂದಿಯ ಬೈಚೋಜ’ ಎಂದು ಗುರುತಿಸಲಾಗಿದೆ. ಅದನ್ನು ಓದಿದ ಕೂಡಲೇ ಚಿಕ್ಕಬಳ್ಳಾಪುರದವರಿಗೆ ಇವನು ನಮ್ಮೂರವನು ಎನಿಸುವುದು ಸಹಜ. ಆದರೆ ಆ ನಂದಿ ಈ ನಂದಿಯೇ ಎಂಬುದನ್ನು ರುಜುವೊಂದೇ ಹೇಳುವುದಿಲ್ಲ. ಭೋಗನಂದೀಶ್ವರದಲ್ಲಿ ಹದಿಮೂರನೆಯ ಶತಮಾನದ ಹೊಯ್ಸಳ ಕೆಲಸ ಏನಾದರೂ ಇದೆಯೇ, ಇದ್ದರೆ ಅದರಲ್ಲಿ ನುಗ್ಗೇಹಳ್ಳಿಯ ಬೈಚೋಜನ ಕೈ ಕಾಣುತ್ತದೆಯೇ ಎಂದು ಕೇಳಿದರೆ, ಚಿಕ್ಕಬಳ್ಳಾಪುರದ ಒಬ್ಬ ವಿದ್ಯಾರ್ಥಿಗೆ ಎರಡು ಊರುಗಳ ನಡುವೆ, ‘ಇಲ್ಲ’ ಎಂಬ ಉತ್ತರಕ್ಕೂ ಜಾಗವಿರುವ ಒಂದು ಪ್ರಶ್ನೆ ಸಿಗುತ್ತದೆ.